ನಂಬರ್ ಪ್ಲೇಟ್ ಮೇಲಿನ ಬ್ಲರ್ ಎಷ್ಟು ಗಟ್ಟಿ? ಡ್ಯಾಶ್‌ಕ್ಯಾಮ್ ವಿಡಿಯೊ ಹಂಚುವ ಮುನ್ನ

ಬೆಂಗಳೂರಿನಲ್ಲಿ ಕಾರಿಗೆ ಡ್ಯಾಶ್‌ಕ್ಯಾಮ್ ಹಾಕಿಸಿಕೊಂಡವರು ಈಗ ಜಾಸ್ತಿ. ರಾಂಗ್ ಸೈಡಿನಲ್ಲಿ ನುಗ್ಗಿದ ನೀರಿನ ಟ್ಯಾಂಕರ್, ಸಿಗ್ನಲ್ ಹಾರಿದ ಬೈಕ್, ಗುಂಡಿ ತಪ್ಪಿಸಲು ಹೋಗಿ ಬಿದ್ದ ಸ್ಕೂಟರ್, ಹೀಗೆ ಕಂಡದ್ದನ್ನೆಲ್ಲ ಜನ ಹಂಚುತ್ತಾರೆ. ಕೆಲವರು ಹಂಚುವ ಮುನ್ನ ಮುಖಕ್ಕೂ ನಂಬರ್ ಪ್ಲೇಟಿಗೂ ಬ್ಲರ್ ಹಾಕುತ್ತಾರೆ. ಹಾಕಬೇಕು ಅನ್ನಿಸಿದ್ದು ದೊಡ್ಡ ವಿಷಯ. ಆದರೆ ಹೆಚ್ಚಿನ ಸಲ ಆ ಬ್ಲರ್ ಕಣ್ಣಿಗೆ ಮಾತ್ರ ಮರೆ. ಹುಡುಕಲೇಬೇಕು ಅಂತ ಕೂತವರಿಗೆ ನಂಬರ್ ಸಿಕ್ಕಿಬಿಡುತ್ತದೆ.

"ರಸ್ತೆಯಲ್ಲಿ ಎಲ್ಲರಿಗೂ ಕಾಣುವ ನಂಬರ್ ತಾನೇ, ಮುಚ್ಚುವುದು ಯಾಕೆ?" ಅಂತ ಕೇಳುವವರಿದ್ದಾರೆ. ರಸ್ತೆಯಲ್ಲಿ ಅದನ್ನು ನಾಲ್ಕು ಜನ ಒಂದು ಕ್ಷಣ ನೋಡಿ ಮರೆಯುತ್ತಾರೆ. ನಿಮ್ಮ ಕ್ಲಿಪ್ಪಿನಲ್ಲಿ ಅದು ದಿನ, ಜಾಗ, ಒಂದು ಆರೋಪ, ಇಷ್ಟರ ಜೊತೆಗೆ ಅಂಟಿಕೊಂಡು ಉಳಿಯುತ್ತದೆ. ನಂಬರ್ ಕೈಗೆ ಸಿಕ್ಕರೆ ಗಾಡಿ ಯಾವ ಕಂಪನಿಯದು, ಯಾವ ಆರ್‌ಟಿಒದಲ್ಲಿ ನೋಂದಣಿ ಆಗಿದೆ ಎಂಬಂಥ ವಿವರಗಳನ್ನು ಯಾರು ಬೇಕಾದರೂ ಸರ್ಕಾರಿ ಆ್ಯಪ್‌ನಲ್ಲೇ ನೋಡಬಹುದು. ಇನ್ನೊಂದು ತೊಂದರೆಯೂ ಇದೆ. ದಂಡ ತಪ್ಪಿಸಿಕೊಳ್ಳಲು ಬೇರೆಯವರ ಗಾಡಿ ನಂಬರ್ ಹಾಕಿಕೊಂಡು ಓಡಾಡುವವರು ಈ ಊರಿನಲ್ಲಿದ್ದಾರೆ. ಅಂಥ ಕ್ಲಿಪ್ ಹರಿದಾಡಿದರೆ ಬೈಗುಳ ತಿನ್ನುವವರು ಆ ರಸ್ತೆಗೆ ಹೋಗಿಯೇ ಇಲ್ಲದ ನಿಜವಾದ ಮಾಲೀಕರು.

ಮಸುಕು ಅಂದರೆ ಅಳಿಸಿದ ಹಾಗಲ್ಲ

ಬ್ಲರ್ ಏನು ಮಾಡುತ್ತದೆ ನೋಡೋಣ. ಪ್ರತಿ ಚುಕ್ಕೆಯ ಬಣ್ಣವನ್ನು ಅದು ಅಕ್ಕಪಕ್ಕದ ಚುಕ್ಕೆಗಳ ಬಣ್ಣದ ಜೊತೆ ಬೆರೆಸುತ್ತದೆ. ಅಕ್ಷರದ ಅಂಚು ಕರಗಿದಂತೆ ಕಾಣುತ್ತದೆ. ಆದರೆ ಆ ಅಕ್ಷರದ ಗುರುತು ಹೋಗಿಲ್ಲ, ಸುತ್ತಲೂ ಹರಡಿಕೊಂಡಿದೆ ಅಷ್ಟೆ. 3 ಬಿಡುವ ಕಲೆ ಒಂದು ರೀತಿ, 8 ಬಿಡುವ ಕಲೆ ಇನ್ನೊಂದು ರೀತಿ. ಚೌಕ ಚೌಕವಾಗಿ ಕಾಣುವ ಮೊಸಾಯಿಕ್ ಕೂಡ ಹೀಗೇ. ಒಂದೊಂದು ಚೌಕದೊಳಗಿನ ಬಣ್ಣಗಳ ಸರಾಸರಿಯನ್ನು ಅದು ತೋರಿಸುತ್ತದೆ, ಮತ್ತು ಆ ಸರಾಸರಿ ಒಳಗೆ ಏನಿದೆ ಎಂಬುದರ ಮೇಲೆಯೇ ನಿಂತಿರುತ್ತದೆ.

ನಂಬರ್ ಪ್ಲೇಟಿನ ಮಟ್ಟಿಗೆ ಇದು ಇನ್ನೂ ಅಪಾಯ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಪ್ಲೇಟ್ ಕಡ್ಡಾಯ. ಅದರ ಅಳತೆ ಗೊತ್ತಿರುವಂಥದ್ದು. ಕಾರಿನದು 500 ಮಿಲಿಮೀಟರ್ ಉದ್ದ, 120 ಎತ್ತರ. ಸ್ಕೂಟರಿನ ಹಿಂದಿನ ಪ್ಲೇಟ್ 200ಕ್ಕೆ 100. ಅಕ್ಷರದ ಆಕಾರವೂ ಎಲ್ಲದರಲ್ಲೂ ಒಂದೇ. ಶುರುವಿನ ಎರಡು ಅಕ್ಷರ ಕೆಎ ಎಂದು ಊಹಿಸುವುದು ಕಷ್ಟವಲ್ಲ. ನಂತರದ ಅಂಕಿ ಕೋರಮಂಗಲದ 01, ಜಯನಗರದ 05, ಕೆ.ಆರ್. ಪುರದ 53, ಹೀಗೆ ಕೆಲವೇ ಸಾಧ್ಯತೆಗಳಲ್ಲಿ ಒಂದು. ನಡುವಿನ ಒಂದೆರಡು ಅಕ್ಷರ ಬಿಟ್ಟು ನೋಡಿದರೆ, ಕೊನೆಯ ನಾಲ್ಕು ಅಂಕಿಗೆ ಇರುವ ಜೋಡಣೆಗಳು ಸುಮಾರು ಹತ್ತು ಸಾವಿರ. ಆದ್ದರಿಂದ ಬ್ಲರ್ "ತೆಗೆಯುವ" ಕೆಲಸವೇ ಬೇಕಿಲ್ಲ. ಹತ್ತು ಸಾವಿರ ಪ್ಲೇಟುಗಳ ಚಿತ್ರ ಮಾಡಿ, ಒಂದೊಂದಕ್ಕೂ ಅಷ್ಟೇ ಬ್ಲರ್ ಹಾಕಿ, ನಿಮ್ಮ ಕ್ಲಿಪ್ಪಿನ ಕಲೆಗೆ ಯಾವುದು ಹತ್ತಿರ ಬರುತ್ತದೆ ಎಂದು ಹೋಲಿಸಿದರೆ ಆಯಿತು. ಕಂಪ್ಯೂಟರಿಗೆ ಹತ್ತು ಸಾವಿರ ಒಂದು ಲೆಕ್ಕವೇ ಅಲ್ಲ. ನಾಲ್ಕರಲ್ಲಿ ಎರಡು ಅಂಕಿ ಖಚಿತವಾದರೂ ಸಾಕು, ಗಾಡಿಯ ಬಣ್ಣ ಮತ್ತು ಮಾಡೆಲ್ ನೋಡಿ ಉಳಿದದ್ದನ್ನು ಹುಡುಕಬಹುದು.

ಇದು ಒಂದು ಫೋಟೊದ ಮಾತು. ವಿಡಿಯೊದಲ್ಲಿ ಸ್ಥಿತಿ ಇನ್ನೂ ಕೆಟ್ಟದು. ಸೆಕೆಂಡಿಗೆ 30 ಫ್ರೇಮ್ ಇರುತ್ತದೆ ಅಂದುಕೊಳ್ಳಿ. ಗಾಡಿ ಚಲಿಸಿದ ಹಾಗೆ ಪ್ಲೇಟಿನ ಅಕ್ಷರ ಮೊಸಾಯಿಕ್ ಚೌಕಗಳ ಕೆಳಗೆ ಸ್ವಲ್ಪ ಸ್ವಲ್ಪವೇ ಜರುಗುತ್ತದೆ. ಪ್ರತಿ ಫ್ರೇಮಿನಲ್ಲೂ ಸರಾಸರಿ ಬೇರೆ ಬರುತ್ತದೆ. ಹತ್ತಾರು ಫ್ರೇಮುಗಳ ಸರಾಸರಿಗಳನ್ನು ಒಟ್ಟಿಗೆ ಜೋಡಿಸಿದರೆ ಒಳಗಿದ್ದದ್ದು ತಿಳಿಯಾಗುತ್ತಾ ಹೋಗುತ್ತದೆ. ಇದು ಬರೀ ಸಿದ್ಧಾಂತವಲ್ಲ. 2025ರಲ್ಲಿ ಜೆಫ್ ಗೀರ್ಲಿಂಗ್ ಎಂಬ ಅಮೆರಿಕದ ಯೂಟ್ಯೂಬರ್ ತನ್ನ ವಿಡಿಯೊದಲ್ಲಿ ಒಂದು ಫೋಲ್ಡರಿನ ವಿಂಡೋವನ್ನು ಮೊಸಾಯಿಕ್ ಮಾಡಿ, ಆ ವಿಂಡೋವನ್ನು ಪರದೆಯ ಮೇಲೆ ಆಚೀಚೆ ಸರಿಸಿ, ಒಳಗಿನ ಹೆಸರು ಓದಿದವರಿಗೆ 50 ಡಾಲರ್ ಕೊಡುತ್ತೇನೆ ಎಂದರು. ಒಂದೇ ದಿನದೊಳಗೆ ಕೆಲವರು ಅದನ್ನು ಓದಿ ತೋರಿಸಿದರು. ವಿಂಡೋ ಸರಿದದ್ದರಿಂದಲೇ ಅದು ಸುಲಭವಾಯಿತು. ರಸ್ತೆಯ ವಿಡಿಯೊದಲ್ಲಿ ಎಲ್ಲವೂ ಸರಿಯುತ್ತಲೇ ಇರುತ್ತದೆ, ಅಲ್ವಾ?

ಆದ್ದರಿಂದ ನಂಬರ್ ಪ್ಲೇಟಿಗೆ ಬ್ಲರ್ ಬೇಡ, ಒಂದೇ ಬಣ್ಣದ ಗಟ್ಟಿ ಚೌಕ ಹಾಕಿ. ಕಪ್ಪೋ ಬೂದಿಯೋ, ಯಾವುದಾದರೂ ಸರಿ. ಆ ಚೌಕದಲ್ಲಿ ಮೂಲ ಚಿತ್ರದ ಒಂದು ಚುಕ್ಕೆಯೂ ಉಳಿದಿರುವುದಿಲ್ಲ, ಹಾಗಾಗಿ ಹಿಂದಕ್ಕೆ ತರುವುದಕ್ಕೆ ಏನೂ ಇರುವುದಿಲ್ಲ. ಮುಖಕ್ಕೂ ನಾನು ಇದನ್ನೇ ಹೇಳುತ್ತೇನೆ. ಮುಖದ ಮೇಲೆ ಕಪ್ಪು ಪಟ್ಟಿ ಇದ್ದರೆ ಅಪರಾಧಿಯ ಹಾಗೆ ಕಾಣುತ್ತದೆ ಅನ್ನುವವರ ಮಾತಿನಲ್ಲಿ ನ್ಯಾಯವಿದೆ. ಅದಕ್ಕೆ ಮೊದಲು ಬೂದಿ ಬಣ್ಣ ತುಂಬಿ, ಆಮೇಲೆ ಅದರ ಅಂಚನ್ನು ಮೆತ್ತಗೆ ಮಾಡಿ. ನೋಡಲು ಬ್ಲರ್ ಹಾಗೇ ಇರುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ.

ಇಪ್ಪತ್ತು ಸೆಕೆಂಡಿನ ಒಂದು ಕ್ಲಿಪ್

ಈಗ ಒಂದು ಕ್ಲಿಪ್ ಇಟ್ಟುಕೊಂಡು ಕೆಲಸ ಮಾಡೋಣ. ಸರ್ಜಾಪುರ ರಸ್ತೆ, ಬೆಳಗಿನ ಶಾಲೆ ಹೊತ್ತು. ಎದುರಿನಿಂದ ರಾಂಗ್ ಸೈಡಿನಲ್ಲಿ ನೀರಿನ ಟ್ಯಾಂಕರ್ ಬರುತ್ತಿದೆ. ನಿಮ್ಮ ಮುಂದೆ ಒಂದು ಸ್ಕೂಟರ್, ಓಡಿಸುತ್ತಿರುವವರು ಒಬ್ಬ ತಾಯಿ, ಹಿಂದೆ ಯೂನಿಫಾರ್ಮ್ ಹಾಕಿದ ಮಗು. ಎಡಕ್ಕೆ ಒಂದು ಆಟೊ. ಕೊನೆಯಲ್ಲಿ ಒಬ್ಬರು ರಸ್ತೆ ದಾಟುತ್ತಾರೆ. ಕ್ಲಿಪ್ಪಿನ ಉದ್ದ 20 ಸೆಕೆಂಡ್, ಅಂದರೆ 600 ಫ್ರೇಮ್. ನೀವು ತೋರಿಸಬೇಕಾದದ್ದು ಟ್ಯಾಂಕರ್ ಬಂದ ರೀತಿಯನ್ನು.

ಮೊದಲು ಮೂಲ ಫೈಲನ್ನು ಮುಟ್ಟದೆ ಬೇರೆ ಕಡೆ ಕಾಪಿ ಇಡಿ. ಆಮೇಲೆ ಬೇಕಾದ ತುಂಡನ್ನು ಕತ್ತರಿಸಿ. ಇಲ್ಲೇ ಒಂದು ಗುಟ್ಟಾದ ತೊಂದರೆ ಇದೆ. ಎಷ್ಟೋ ಸಾಧನಗಳು ವಿಡಿಯೊವನ್ನು ಬೇಗ ಕತ್ತರಿಸಲು ಹೊಸದಾಗಿ ಎನ್‌ಕೋಡ್ ಮಾಡುವುದಿಲ್ಲ. ವಿಡಿಯೊ ಫೈಲಿನಲ್ಲಿ ಪೂರ್ತಿ ಚಿತ್ರ ಇರುವುದು ಕೀಫ್ರೇಮ್ ಎಂಬ ಕೆಲವು ಫ್ರೇಮುಗಳಲ್ಲಿ ಮಾತ್ರ. ಹೀಗೆ ಕತ್ತರಿಸಿದರೆ ಹಿಂದಿನ ಕೀಫ್ರೇಮಿನಿಂದ ಶುರುವಾಗಿ ಎಲ್ಲವೂ ಫೈಲಿನೊಳಗೆ ಉಳಿದುಬಿಡುತ್ತದೆ. ಪ್ಲೇಯರಿಗೆ "ಇಲ್ಲಿಂದ ತೋರಿಸು" ಎಂದು ಒಂದು ಸೂಚನೆ ಬರೆದಿರುತ್ತದೆ ಅಷ್ಟೆ. ನೀವು ತೆಗೆದೆವು ಅಂದುಕೊಂಡ ಫ್ರೇಮುಗಳನ್ನು ಬೇಕೆಂದವರು ಹೊರತೆಗೆಯಬಹುದು. `ffmpeg` ಎಂಬ ಉಚಿತ ವಿಡಿಯೊ ಸಾಧನ ಬಳಸುವವರು `-c copy` ಹಾಕದೆ ಹೊಸದಾಗಿ ಎನ್‌ಕೋಡ್ ಮಾಡಿ:

```
ffmpeg -ss 00:02:10 -t 20 -i original.mp4 -map 0:v:0 -an -c:v libx264 -crf 16 cut.mp4
```

ಇದರಲ್ಲಿ `-an` ಅಂದರೆ ಧ್ವನಿ ಬೇಡ ಎಂದು. ಕಾರಿನೊಳಗೆ ಆಡಿದ ಮಾತು, ಮಗಳ ಹೆಸರು, ಫೋನಿನಲ್ಲಿ ಹೇಳಿದ ವಿಳಾಸ ಎಲ್ಲವೂ ಡ್ಯಾಶ್‌ಕ್ಯಾಮಿನಲ್ಲಿ ದಾಖಲಾಗಿರುತ್ತದೆ. ಹಾರ್ನ್ ಸದ್ದು ಕೇಳಿಸಲೇಬೇಕು ಅನ್ನುವ ಕಾರಣ ಇಲ್ಲದಿದ್ದರೆ ಧ್ವನಿ ತೆಗೆಯುವುದೇ ಒಳ್ಳೆಯದು.

ಇನ್ನು ಮುಖಗಳು. ಇದಕ್ಕೆ `deface` ಎಂಬ ಉಚಿತ ಸಾಧನ ಇದೆ. ಪೈಥಾನ್ ಇರುವ ಯಾವ ಕಂಪ್ಯೂಟರಿನಲ್ಲೂ `pip install deface` ಎಂದು ಹಾಕಿಕೊಳ್ಳಬಹುದು. ಮುಖಗಳನ್ನು ಅದೇ ಹುಡುಕಿ ಮುಚ್ಚುತ್ತದೆ:

```
deface cut.mp4 --replacewith solid --mask-scale 1.6 --thresh 0.1
```

`solid` ಎಂದರೆ ಗಟ್ಟಿ ಚೌಕ. `mask-scale` ಮುಖಕ್ಕಿಂತ ಎಷ್ಟು ದೊಡ್ಡದಾಗಿ ಮುಚ್ಚಬೇಕು ಎಂಬುದು. ಸುಮ್ನೆ ಬಿಟ್ಟರೆ ಅದು 1.3 ಇರುತ್ತದೆ. ನಾನು ಜಾಸ್ತಿ ಇಡುತ್ತೇನೆ, ಯಾಕೆಂದರೆ ಗೊತ್ತಿದ್ದವರು ಕೂದಲು, ಕಿವಿ, ಗಡ್ಡ ನೋಡಿಯೂ ಗುರುತಿಸುತ್ತಾರೆ. `thresh` ಕಡಿಮೆ ಮಾಡಿದಷ್ಟೂ ಅನುಮಾನ ಬಂದದ್ದನ್ನೆಲ್ಲ ಮುಖ ಎಂದು ಹಿಡಿಯುತ್ತದೆ. ಸುಮ್ನೆ ಬಿಟ್ಟರೆ 0.2. ಅದನ್ನು 0.1ಕ್ಕೆ ಇಳಿಸಿದರೆ ಫ್ಲೆಕ್ಸಿನ ಮೇಲಿನ ನಾಯಕರು, ಆಟೊ ಹಿಂದಿನ ಚಿತ್ರದ ನಟರು ಎಲ್ಲರೂ ಮುಚ್ಚಿಹೋಗಬಹುದು. ಅದರಿಂದ ಯಾರಿಗೂ ನಷ್ಟವಿಲ್ಲ. ಬಿಟ್ಟುಹೋದ ಒಂದು ಮುಖದಿಂದ ನಷ್ಟವಿದೆ.

ಈ ಸಾಧನದ ಮಿತಿ ಗೊತ್ತಿರಬೇಕು. ಅದು ಪ್ರತಿ ಫ್ರೇಮನ್ನೂ ಬಿಡಿಯಾಗಿ ನೋಡುತ್ತದೆ. ಹಿಂದಿನ ಫ್ರೇಮಿನಲ್ಲಿ ಇಲ್ಲಿ ಮುಖ ಇತ್ತು ಎಂಬ ನೆನಪು ಅದಕ್ಕಿಲ್ಲ. ರಸ್ತೆ ದಾಟುವವರು ತಲೆ ತಿರುಗಿಸಿದ ಕ್ಷಣ, ಬಿಸಿಲು ಕಣ್ಣಿಗೆ ಹೊಡೆದ ಕ್ಷಣ ಚೌಕ ಮಾಯವಾಗಿ ಮತ್ತೆ ಬರುತ್ತದೆ. ಹೆಲ್ಮೆಟ್ ಹಾಕಿ ಗಾಜು ಮೇಲೆತ್ತಿದವರ ಮುಖ, ಪಕ್ಕದಿಂದ ಕಾಣುವ ಮುಖ ತಪ್ಪಿಹೋಗುವುದು ಮಾಮೂಲು. ನಮ್ಮ ಕ್ಲಿಪ್ಪಿನಲ್ಲಿ ಮಗು ಹಿಂದೆ ತಿರುಗಿ ನೋಡುವ ಅರ್ಧ ಸೆಕೆಂಡನ್ನು ಅದು ಹಿಡಿಯದೇ ಇರಬಹುದು. ಜೊತೆಗೆ, ಇದು ನಂಬರ್ ಪ್ಲೇಟ್ ಹುಡುಕುವ ಸಾಧನವಲ್ಲ.

ಪ್ಲೇಟಿಗೆ ನಾನು ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಎಡಿಟರ್ ಬಳಸುತ್ತೇನೆ, ಉಚಿತ ಆವೃತ್ತಿ ಸಾಕು. ಮುಖ ಮುಚ್ಚಿದ ವಿಡಿಯೊವನ್ನು ಅದರಲ್ಲಿ ತೆರೆದು, `Color` ಪುಟಕ್ಕೆ ಹೋಗಿ, ಪ್ಲೇಟಿನ ಮೇಲೆ ಚೌಕದ `Window` ಎಳೆದು, `Tracker`ಗೆ ಹಿಂಬಾಲಿಸಲು ಹೇಳಬೇಕು. ಚೌಕದೊಳಗೆ `Gain` ಮತ್ತು `Lift` ಎರಡನ್ನೂ ಪೂರ್ತಿ ಇಳಿಸಿದರೆ ಅಲ್ಲಿ ಕಪ್ಪು ತುಂಬುತ್ತದೆ. ಪ್ರತಿ ಪ್ಲೇಟಿಗೂ ಬೇರೆ ನೋಡ್ ಮಾಡಿಕೊಳ್ಳಿ. ಕೆಡೆನ್‌ಲೈವ್ ಎಂಬ ಇನ್ನೊಂದು ಎಡಿಟರ್ ಬಳಸುವವರಿಗೆ `Motion Tracker` ಎಫೆಕ್ಟಿನಲ್ಲಿ `Opaque fill` ಎಂಬ ಆಯ್ಕೆ ಇದೆ.

ಎಲ್ಲಿಂದ ಮುಚ್ಚಲು ಶುರು ಮಾಡಬೇಕು ಎಂಬುದರಲ್ಲಿ ಹೆಚ್ಚಿನವರು ಎಡವುತ್ತಾರೆ. ಟ್ಯಾಂಕರ್ 6ನೇ ಸೆಕೆಂಡಿನಲ್ಲಿ, ಅಂದರೆ 180ನೇ ಫ್ರೇಮಿನಲ್ಲಿ ಮೂಲೆಯಲ್ಲಿ ಕಾಣಿಸುತ್ತದೆ ಅಂದುಕೊಳ್ಳಿ. ನಂಬರ್ ನಿಮ್ಮ ಕಣ್ಣಿಗೆ ಓದಲು ಬರುವುದು 210ನೇ ಫ್ರೇಮಿನಿಂದ. ಜನ 210ರಿಂದ ಚೌಕ ಹಾಕುತ್ತಾರೆ. ಆದರೆ 195ರಿಂದ 209ರವರೆಗಿನ ಹದಿನೈದು ಅಸ್ಪಷ್ಟ ಫ್ರೇಮುಗಳನ್ನು ಒಟ್ಟಿಗೆ ಸೇರಿಸಿದರೆ ಆ ನಂಬರ್ ಓದಲು ಬರಬಹುದು. ಮೇಲೆ ಹೇಳಿದ ಮೊಸಾಯಿಕ್ ಲೆಕ್ಕವೇ ಇಲ್ಲಿಯೂ. ಆದ್ದರಿಂದ 180ರಿಂದಲೇ ಮುಚ್ಚಿ. ಇದಕ್ಕೆ ಸುಲಭ ದಾರಿ ಎಂದರೆ ಪ್ಲೇಟ್ ದೊಡ್ಡದಾಗಿ, ಸ್ಪಷ್ಟವಾಗಿ ಕಾಣುವ ಫ್ರೇಮಿನಲ್ಲಿ ಚೌಕ ಎಳೆದು ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಟ್ರ್ಯಾಕ್ ಮಾಡುವುದು. ರಿಸಾಲ್ವ್‌ನಲ್ಲಿ ಎರಡೂ ದಿಕ್ಕಿಗೆ ಹೋಗಲು ಬರುತ್ತದೆ. ಚಿಕ್ಕ ಚುಕ್ಕೆಯಿಂದ ಶುರು ಮಾಡಿದರೆ ಟ್ರ್ಯಾಕರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ನಡುವೆ ಆಟೊ ಅಡ್ಡ ಬರುತ್ತದೆ. ಆಗ ಟ್ರ್ಯಾಕರ್ ಟ್ಯಾಂಕರನ್ನು ಬಿಟ್ಟು ಆಟೊವಿನ ಬೆನ್ನು ಹತ್ತುತ್ತದೆ. ಚೌಕ ತೇಲಿಕೊಂಡು ಎಡಕ್ಕೆ ಹೋಗುತ್ತದೆ, ಆಟೊ ದಾಟಿದ ಮೇಲೆ ಪ್ಲೇಟ್ ಬರೀ ಮೈಯಲ್ಲಿ ನಿಂತಿರುತ್ತದೆ. ಈ ಜಾಗದಲ್ಲಿ ಯಂತ್ರವನ್ನು ನಂಬಬೇಡಿ. ಆಟೊ ಅಡ್ಡ ಬರುವ ಮೊದಲ ಫ್ರೇಮಿನಲ್ಲಿ ನಿಲ್ಲಿಸಿ, ಅದು ದಾಟಿದ ಮೇಲೆ ಹೊಸ ಚೌಕ ಹಾಕಿ ಮತ್ತೆ ಟ್ರ್ಯಾಕ್ ಮಾಡಿ. ನಡುವಿನ ಕೆಲವು ಫ್ರೇಮುಗಳಿಗೆ ಕೈಯಿಂದಲೇ ದೊಡ್ಡ ಚೌಕ ಇಡಿ. ಪ್ಲೇಟಿಗಿಂತ ಎಲ್ಲ ಕಡೆ ಅರ್ಧದಷ್ಟಾದರೂ ಹೆಚ್ಚು ಇರಲಿ. ಗುಂಡಿಗೆ ಇಳಿದಾಗ ನಿಮ್ಮ ಕ್ಯಾಮೆರಾ ಒಂದು ಫ್ರೇಮಿನಲ್ಲೇ ಜಿಗಿಯುತ್ತದೆ. ಬಿಗಿಯಾದ ಚೌಕ ಅಷ್ಟಕ್ಕೇ ತಪ್ಪುತ್ತದೆ.

ಪ್ಲೇಟ್ ಅಲ್ಲದ ಗುರುತುಗಳು

ಟ್ಯಾಂಕರ್ ನಿಮ್ಮ ಪಕ್ಕದಲ್ಲಿ ಹಾದುಹೋಗುವಾಗ ಅರ್ಧ ಸೆಕೆಂಡು ಅದರ ಪಕ್ಕೆ ಕಾಣುತ್ತದೆ. ಅಲ್ಲಿ ನೀರು ಸರಬರಾಜು ಮಾಡುವವರ ಹೆಸರು, ಮೊಬೈಲ್ ನಂಬರ್ ಆಳೆತ್ತರದ ಅಕ್ಷರದಲ್ಲಿ ಬರೆದಿರುತ್ತಾರೆ. ಪ್ಲೇಟಿನ ಮೇಲೆ ಎಷ್ಟು ಕಷ್ಟಪಟ್ಟರೂ ಆ ಹದಿನೈದು ಫ್ರೇಮ್ ಬಿಟ್ಟರೆ ಎಲ್ಲ ವ್ಯರ್ಥ. ಬೆಂಗಳೂರಿನ ಆಟೊಗಳಲ್ಲಿ ಡ್ರೈವರ್ ಸೀಟಿನ ಹಿಂದೆ ಫೋಟೊ, ಹೆಸರು ಇರುವ ಡಿಸ್‌ಪ್ಲೇ ಕಾರ್ಡ್ ಇರುತ್ತದೆ. ಆಟೊದೊಳಗೆ ಕೂತು ತೆಗೆದ ವಿಡಿಯೊಗಳಲ್ಲಿ ಅದೇ ಮೊದಲು ಬಯಲಾಗುವುದು. ಕಾರಿನ ಹಿಂದಿನ ಗಾಜಿನ ಮೇಲೆ ಮಕ್ಕಳ ಹೆಸರು, ಮುಂದಿನ ಗಾಜಿನ ಮೇಲೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸ್ಟಿಕ್ಕರ್ ಇರುತ್ತವೆ. ಕೆಲವು ಗಾಡಿಗಳಲ್ಲಿ ನಂಬರನ್ನು ಕನ್ನಡ ಅಂಕಿಯಲ್ಲೂ ಬರೆಸಿರುತ್ತಾರೆ. ಇಂಗ್ಲಿಷ್ ಅಂಕಿ ಹುಡುಕಲು ಮಾಡಿದ ಸಾಧನ ಅದನ್ನು ನೋಡದೇ ಹೋಗಬಹುದು, ನಮ್ಮವರಂತೂ ಓದುತ್ತಾರೆ.

ಮಗುವಿನ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಮುಖ ಮುಚ್ಚಿದರೂ ಯೂನಿಫಾರ್ಮಿನ ಬಣ್ಣ ಮತ್ತು ಬ್ಯಾಗಿನ ಮೇಲಿನ ಶಾಲೆಯ ಹೆಸರು ಉಳಿಯುತ್ತದೆ. ರಸ್ತೆ ಯಾವುದು ಅಂತ ಗೊತ್ತು, ಹೊತ್ತು ಯಾವುದು ಅಂತ ಗೊತ್ತು. ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹಿಡಿಯಬಹುದಾದ ಇತರ ವಿವರಗಳನ್ನು ಬಹಿರಂಗ ಮಾಡುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ನಮ್ಮ ಕ್ಲಿಪ್ಪಿನಲ್ಲಿ ಅಂಥ ಅಪರಾಧ ನಡೆದಿಲ್ಲ. ಆದರೂ ನಾನು ಮಗುವಿನ ಇಡೀ ದೇಹಕ್ಕೆ ಚೌಕ ಹಾಕುತ್ತೇನೆ. ಟ್ಯಾಂಕರ್ ಹೇಗೆ ಬಂತು ಎಂಬುದು ಅದಿಲ್ಲದೆಯೂ ಚೆನ್ನಾಗಿಯೇ ಕಾಣುತ್ತದೆ.

ನಿಮ್ಮ ಗುರುತೂ ಅಲ್ಲಿರುತ್ತದೆ. ಡ್ಯಾಶ್‌ಕ್ಯಾಮ್ ಚಿತ್ರದ ಕೆಳಗೆ ದಿನಾಂಕ, ವೇಗ, ಜಿಪಿಎಸ್ ಅಂಕಿ, ಕೆಲವೊಮ್ಮೆ ನಿಮ್ಮ ಗಾಡಿ ನಂಬರನ್ನೇ ಅಚ್ಚು ಹಾಕುತ್ತದೆ. ಅದು ಜಾಗ ಬಿಟ್ಟು ಕದಲುವುದಿಲ್ಲ, ಹಾಗಾಗಿ ಒಂದು ಪಟ್ಟಿ ಸಾಕು. ಫೈಲಿನೊಳಗೂ ಜಿಪಿಎಸ್ ದಾಖಲೆ ಇರಬಹುದು. ಎಲ್ಲ ಚೌಕ ಹಾಕಿದ ವಿಡಿಯೊವನ್ನು `masked.mp4` ಎಂದು ಉಳಿಸಿಕೊಂಡು ಕೊನೆಯಲ್ಲಿ ಹೀಗೆ ಮಾಡಿ:

```
ffmpeg -i masked.mp4 -map 0:v:0 -vf "drawbox=x=0:y=1010:w=iw:h=70:color=black:t=fill" -an -map_metadata -1 -c:v libx264 -crf 20 share.mp4
```

1080 ಸಾಲಿನ ವಿಡಿಯೊದಲ್ಲಿ ಕೆಳಗಿನ 70 ಸಾಲನ್ನು ಇದು ಕಪ್ಪು ಮಾಡುತ್ತದೆ. ನಿಮ್ಮ ಕ್ಯಾಮೆರಾದ ಅಕ್ಷರ ಬೇರೆ ಜಾಗದಲ್ಲಿದ್ದರೆ `y` ಮತ್ತು `h` ಬದಲಿಸಿ. ಚಿತ್ರವನ್ನು ಮಾತ್ರ ಉಳಿಸಿಕೊಂಡು ಜಿಪಿಎಸ್ ಟ್ರ್ಯಾಕ್, ಕ್ಯಾಮೆರಾ ವಿವರ ಎಲ್ಲವನ್ನೂ ಬಿಟ್ಟುಬಿಡುತ್ತದೆ.

ಪರೀಕ್ಷೆ

ವಿಡಿಯೊ ಓಡಿಸಿ ನೋಡಿ ಸರಿ ಇದೆ ಅಂದರೆ ಅದು ಪರೀಕ್ಷೆಯಲ್ಲ. ಒಂದು ಫ್ರೇಮ್ ಕಣ್ಣ ಮುಂದೆ ಇರುವುದು ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗ. ಚೌಕ ಒಂದೇ ಫ್ರೇಮಿನಲ್ಲಿ ತಪ್ಪಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ನೋಡುವವರು ಮಾತ್ರ ಯೂಟ್ಯೂಬಿನಲ್ಲಿ ನಿಲ್ಲಿಸಿ, ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀ ಒತ್ತಿ ಒಂದೊಂದೇ ಫ್ರೇಮ್ ಸರಿಸುತ್ತಾ ಹುಡುಕಬಹುದು. ಅವರಿಗಿಂತ ಮೊದಲು ನೀವು ಹುಡುಕಿ:

```
mkdir frames
ffmpeg -i share.mp4 frames/%04d.png
```

ಫೋಲ್ಡರಿನಲ್ಲಿ 600 ಚಿತ್ರ ಬರುತ್ತದೆ. ದೊಡ್ಡ ಥಂಬ್‌ನೇಲ್ ಇಟ್ಟುಕೊಂಡು ಮೇಲಿಂದ ಕೆಳಗೆ ಸಾಲಾಗಿ ನೋಡುತ್ತಾ ಬನ್ನಿ. ಸಾಲಿನಲ್ಲಿ ಎಲ್ಲ ಚಿತ್ರದಲ್ಲೂ ಕಪ್ಪು ಚೌಕ ಇದ್ದು ಒಂದರಲ್ಲಿ ಇಲ್ಲದಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಚೌಕ ಶುರುವಾಗುವ, ಮುಗಿಯುವ ಮತ್ತು ಅಡ್ಡ ಬಂದ ಗಾಡಿ ದಾಟುವ ಫ್ರೇಮುಗಳನ್ನು ಮಾತ್ರ ದೊಡ್ಡದು ಮಾಡಿ ನೋಡಿ, ತಪ್ಪು ಅಲ್ಲೇ ಜಾಸ್ತಿ. ವಿಡಿಯೊಗೆ ಬೇರೆ ಮುಖಚಿತ್ರ ಹಾಕುವುದಾದರೆ ಅದನ್ನು ಈ ಫೋಲ್ಡರಿನಿಂದಲೇ ಆರಿಸಿ. ಮೂಲ ಕ್ಲಿಪ್ಪಿನಿಂದ ತೆಗೆದು ಹಾಕಿ ಸಿಕ್ಕಿಬೀಳುವುದು ತುಂಬಾ ಸುಲಭ.

ಕಂಪ್ಯೂಟರ್ ಇಲ್ಲ, ಫೋನ್ ಒಂದೇ ಇದೆ ಅನ್ನುವವರಿಗೆ ನನ್ನ ಸಲಹೆ ಬೇರೆ. ವಿಡಿಯೊ ಬಿಡಿ, ಎರಡು ಮೂರು ಸ್ಕ್ರೀನ್‌ಶಾಟ್ ಹಾಕಿ. ಟ್ಯಾಂಕರ್ ಯಾವ ಬದಿಯಲ್ಲಿತ್ತು ಎಂದು ಅಷ್ಟರಲ್ಲೇ ತಿಳಿಯುತ್ತದೆ. ಅದರಲ್ಲೂ ಫೋನಿನ ಹೈಲೈಟರ್ ಪೆನ್ನಿನಿಂದ ಕಪ್ಪು ಗೀಚಬೇಡಿ. ಅದು ಅರೆಪಾರದರ್ಶಕ. ಚಿತ್ರದ ಬೆಳಕು ಏರಿಸಿದರೆ ಕೆಳಗಿನ ಅಂಕಿ ಮತ್ತೆ ಕಾಣುತ್ತದೆ. ತುಂಬಿದ ಚೌಕದ ಆಕಾರವನ್ನೇ ಇಡಿ. ಯೂಟ್ಯೂಬ್ ಸ್ಟುಡಿಯೊದ ಎಡಿಟರಿನಲ್ಲೂ ಬ್ಲರ್ ಸೌಲಭ್ಯ ಇದೆ, ಆದರೆ ಮುಚ್ಚದ ವಿಡಿಯೊವನ್ನೇ ಮೊದಲು ಅಪ್‌ಲೋಡ್ ಮಾಡಬೇಕು. ಹಾಗೆ ಮಾಡುವುದಾದರೆ ಬ್ಲರ್ ಪೂರ್ತಿ ಆಗಿ, ನೀವು ಪರೀಕ್ಷಿಸುವವರೆಗೆ ಅದನ್ನು ಪ್ರೈವೇಟ್ ಆಗಿಯೇ ಇಡಿ.

ಸಂಚಾರ ಪೊಲೀಸರಿಗೆ ದೂರು ಕೊಡುವಾಗ ಈ ಮುಚ್ಚಿದ ವಿಡಿಯೊ ಉಪಯೋಗಕ್ಕೆ ಬರುವುದಿಲ್ಲ. ಅವರಿಗೆ ನಂಬರ್ ಬೇಕು, ಹಾಗಾಗಿ ಮುಟ್ಟದೆ ಇಟ್ಟ ಮೂಲ ಫೈಲನ್ನೇ ಕೊಡಿ. ಕೋರ್ಟಿನವರೆಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ, ಅದರಲ್ಲಿ ಫೈಲಿನ ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಒಂದು ಸಂಖ್ಯೆ, ಬರೆಯುವ ಜಾಗ ಇದೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆಯೇ ಬರುತ್ತದೆ. ಮೆಮೊರಿ ಕಾರ್ಡಿನಿಂದ ಕಾಪಿ ಮಾಡಿದ ದಿನವೇ ವಿಂಡೋಸ್‌ನಲ್ಲಿ ಇದನ್ನು ಓಡಿಸಿ, ಬಂದ ಸಾಲನ್ನು ದಿನಾಂಕದ ಜೊತೆ ಬರೆದಿಟ್ಟುಕೊಳ್ಳಿ:

```
certutil -hashfile original.mp4 SHA256
```

ಡ್ಯಾಶ್‌ಕ್ಯಾಮಿನ ಕಾರ್ಡ್ ತುಂಬಿದ ಮೇಲೆ ಹಳೆಯ ಕ್ಲಿಪ್ಪಿನ ಮೇಲೆಯೇ ಹೊಸದನ್ನು ಬರೆಯುತ್ತದೆ. ಆದ್ದರಿಂದ ಈ ಕಾಪಿ ಮಾಡುವ ಕೆಲಸವನ್ನು ಆವತ್ತೇ ಮುಗಿಸಿ. ಚೌಕ ಹಾಕುವುದನ್ನು ವಾರ ಬಿಟ್ಟು ಮಾಡಿದರೂ ನಡೆಯುತ್ತದೆ.